ಊರ ಹಿರಿಯರ ಮುಂದೆ ಬರೆದ ರಾಜಿ ಪತ್ರ ಡಿಕ್ರಿಗೆ ಸಮ ಆಗುತ್ತದಾ?

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕು. ಅಡಿಕೆ ವ್ಯಾಪಾರಿಯಿಂದ ಅಮ್ಮನಿಗೆ 2,40,000 ರೂಪಾಯಿ ಬರಬೇಕಿತ್ತು. ಊರ ಹಿರಿಯರು ಕೂರಿಸಿ, ತಿಂಗಳಿಗೆ 40,000ದಂತೆ ಆರು ಕಂತು ಅಂತ ಬಾಂಡ್ ಪೇಪರಿನಲ್ಲಿ ಬರೆಸಿದರು. ಎರಡು ಕಂತು ಕೊಟ್ಟು ನಿಲ್ಲಿಸಿದ್ದಾನೆ. ಈ ಪತ್ರ ಕೋರ್ಟಿನ ಡಿಕ್ರಿಯ ಹಾಗೆ ನಡೆಯುತ್ತದಾ? ವಕೀಲರಿಗೆ ಕೊಡಲು ದುಡ್ಡಿಲ್ಲ.

ಉತ್ತರ: ಇಲ್ಲ, ನಡೆಯುವುದಿಲ್ಲ. ಹಾಗಂತ ಪತ್ರ ಎಸೆಯಬೇಡಿ. ಅದು ಒಪ್ಪಂದ, ಸಾಲ ಒಪ್ಪಿಕೊಂಡಿದ್ದಕ್ಕೆ ಗಟ್ಟಿ ಸಾಕ್ಷಿ. ಆದರೆ ಅದನ್ನು ಹಿಡಿದು ನೇರವಾಗಿ ಜಪ್ತಿ ಮಾಡಿಸಲು ಆಗುವುದಿಲ್ಲ. ಮೊದಲು ದಾವೆ ಹಾಕಿ ಗೆಲ್ಲಬೇಕು.

ಯಾರಾದರೂ "ಹಿರಿಯರು ಮಾಡಿದ್ದೂ ಕಾನೂನಿನ ಸಂಧಾನವೇ" ಎನ್ನಬಹುದು. 1996ರ ಮಧ್ಯಸ್ಥಿಕೆ ಮತ್ತು ಸಂಧಾನ ಕಾಯ್ದೆಯಲ್ಲಿ ಸಂಧಾನಕ್ಕೆ ಜಾಗ ಇರುವುದು ನಿಜ. ಅಲ್ಲಿನ 74ನೇ ಕಲಂ ಪ್ರಕಾರ ಆದ ರಾಜಿಯನ್ನು ಡಿಕ್ರಿಯಂತೆ ಜಾರಿ ಮಾಡಿಸಬಹುದು. ಆದರೆ ಒಬ್ಬರು ಲಿಖಿತವಾಗಿ ಸಂಧಾನಕ್ಕೆ ಕರೆಯಬೇಕು, ಇನ್ನೊಬ್ಬರು ಒಪ್ಪಬೇಕು, ಸಂಧಾನಕಾರರನ್ನು ನೇಮಿಸಬೇಕು, ಕೊನೆಗೆ ಅವರು ರಾಜಿ ಪತ್ರವನ್ನು ದೃಢೀಕರಿಸಬೇಕು. ಈ ಕ್ರಮ ತಪ್ಪಿದರೆ ಆ ಬಲ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಮೈಸೂರು ಸಿಮೆಂಟ್ಸ್ ಪ್ರಕರಣದಲ್ಲಿ ಹೇಳಿದೆ. ಜಗಲಿಯಲ್ಲಿ ಕೂತು ಬರೆದ ಪತ್ರಕ್ಕೆ ಇದು ಅನ್ವಯಿಸುವುದು ಕಷ್ಟ.

ನಿಮಗೆ ಸುಲಭದ ದಾರಿ ಲೋಕ್ ಅದಾಲತ್. ಶಿರಸಿ ಕೋರ್ಟಿನ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅಮ್ಮನ ಹೆಸರಲ್ಲಿ ಅರ್ಜಿ ಕೊಡಿ. ದಾವೆ ಹಾಕುವ ಮೊದಲೇ ಕೊಡಬಹುದು, ಶುಲ್ಕ ಇಲ್ಲ. ಬಾಂಡ್ ಪೇಪರ್, ತೂಕದ ಚೀಟಿ, ಬಂದ ಎರಡು ಕಂತಿನ ಬ್ಯಾಂಕ್ ವಿವರ ಜೊತೆಗಿಡಿ. ಅವರು ವ್ಯಾಪಾರಿಗೆ ನೋಟಿಸ್ ಕಳಿಸುತ್ತಾರೆ. ಅವನು ಬಂದು ಒಪ್ಪಿದರೆ ಅಲ್ಲಿ ಬರೆಯುವ ರಾಜಿ ಆದೇಶ, ಅಂದರೆ ಅವಾರ್ಡ್, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಕಲಂ ಪ್ರಕಾರ ಸಿವಿಲ್ ಕೋರ್ಟಿನ ಡಿಕ್ರಿಯೇ. ಅದರ ಮೇಲೆ ಅಪೀಲು ಇಲ್ಲ. ಮೋಸದಂಥ ಗಂಭೀರ ಕಾರಣವಿದ್ದರೆ ಮಾತ್ರ ಧಾರವಾಡದ ಹೈಕೋರ್ಟ್ ಪೀಠಕ್ಕೆ ರಿಟ್ ಅರ್ಜಿ, ಅಷ್ಟೇ. ಹಾಗಾಗಿ ಅಮ್ಮ ಓದಿಸಿಕೊಂಡು ಕೇಳದೆ ಸಹಿ ಹಾಕಬಾರದು.

ಅವಾರ್ಡಿನ ಒಕ್ಕಣೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಾನು ಇಲ್ಲೇ ವಕೀಲಿ ಮಾಡುವವನು. ಒಮ್ಮೆ ನನ್ನ ಕಕ್ಷಿದಾರರೊಬ್ಬರು ತಂದ ರಾಜಿಯಲ್ಲಿ "ಅಡಿಕೆ ಸೀಸನ್ ಮುಗಿದ ಮೇಲೆ ಬಾಕಿ ಕೊಡತಕ್ಕದ್ದು" ಅಂತ ಇತ್ತು. ಜಾರಿಗೆ ಹೋದಾಗ ಎದುರಿನವರು ಎತ್ತಿದ ಮೊದಲ ತಕರಾರೇ ಅದು: ಸೀಸನ್ ಮುಗಿಯುವುದು ಯಾವತ್ತು? ಚಾಲಿ ಸುಲಿದು ಮಾರಿದಾಗಲೋ, ಕೊಯ್ಲು ಮುಗಿದಾಗಲೋ? ಆ ವಯಸ್ಸಾದ ತೋಟಿಗರು ಒಂದು ಸಾಲಿನ ಅರ್ಥಕ್ಕಾಗಿ ತಾರೀಖಿನ ಮೇಲೆ ತಾರೀಖು ಕಾದಿದ್ದು ನೋಡಿ ನನಗೆ ತುಂಬಾ ಬೇಜಾರಾಗಿತ್ತು.

ನಿಮ್ಮದರಲ್ಲಿ ಹೀಗೆ ಬರೆಸಿ: ಬಾಕಿ 1,60,000. ನಾಲ್ಕು ಕಂತು, ತಲಾ 40,000, ಪ್ರತಿಯೊಂದಕ್ಕೂ ಇಸವಿ ಸಮೇತ ತಾರೀಖು, ಅಮ್ಮನ ಬ್ಯಾಂಕ್ ಖಾತೆಗೇ ಜಮಾ. ಒಂದು ಕಂತು ತಪ್ಪಿದರೂ ಉಳಿದಷ್ಟೂ ಹಣ ಅವತ್ತೇ ಕೊಡಬೇಕು, ಇಷ್ಟು ಬಡ್ಡಿ ಸೇರಿಸಿ. ಈ ಕೊನೆಯ ಸಾಲು ಇಲ್ಲದಿದ್ದರೆ ಪ್ರತಿ ಕಂತು ತಪ್ಪುವವರೆಗೂ ಕಾಯಬೇಕಾಗುತ್ತದೆ. ಅಂಗಡಿಯ ಹೆಸರು ಮಾತ್ರ ಸಾಲದು, ಮಾಲೀಕನ ಪೂರ್ತಿ ಹೆಸರು, ವಿಳಾಸ ಇರಲಿ. ಅವಾರ್ಡಿನ ದೃಢೀಕೃತ ನಕಲು ಇಸ್ಕೊಳ್ಳಿ. ತಪ್ಪಿದರೆ ಅದನ್ನಿಟ್ಟು ಅಮಲ್ಜಾರಿ ಅರ್ಜಿ ಹಾಕಿ ಬ್ಯಾಂಕ್ ಖಾತೆ, ಆಸ್ತಿ ಜಪ್ತಿ ಕೇಳಬಹುದು. ಅದಕ್ಕೆ 12 ವರ್ಷ ಅವಕಾಶ ಇದೆ.

ವ್ಯಾಪಾರಿ ಬರಲೇ ಇಲ್ಲ, ಅಥವಾ ಬಂದು ಒಪ್ಪಲಿಲ್ಲ ಅಂದರೆ? ಈ ಲೋಕ್ ಅದಾಲತ್ ಅವನ ಮೇಲೆ ತೀರ್ಪು ಹೇರುವಂತಿಲ್ಲ. ಆಗ ದಾವೆಯೇ ದಾರಿ. ವಕೀಲರ ಚಿಂತೆ ಬೇಡ. ಅದೇ 1987ರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ಅದೇ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ದಾವೆ ನಡೆಯುವಾಗ ನ್ಯಾಯಾಧೀಶರು ಮೀಡಿಯೇಷನ್‌ಗೆ ಕಳಿಸಬಹುದು. ಅಲ್ಲಿ ರಾಜಿಯಾದರೆ ಪತ್ರ ಕೋರ್ಟಿಗೆ ವಾಪಸ್ ಬಂದು, ನ್ಯಾಯಾಧೀಶರು ಅದರಂತೆ ಡಿಕ್ರಿ ಮಾಡಬೇಕು. ಡಿಕ್ರಿ ಆಗುವ ಮೊದಲು "ರಾಜಿ ಆಯ್ತಲ್ಲ" ಅಂತ ದಾವೆ ಸುಮ್ನೆ ವಾಪಸ್ ತೆಗೆದುಕೊಂಡರೆ ಮತ್ತೆ ಬರೀ ಒಪ್ಪಂದ ಉಳಿಯುತ್ತದೆ. ಈ ತಪ್ಪು ತುಂಬಾ ಜನ ಮಾಡುತ್ತಾರೆ.

2023ರ ಮೀಡಿಯೇಷನ್ ಕಾಯ್ದೆ ತೋರಿಸಿ, ಖಾಸಗಿ ಮೀಡಿಯೇಟರ್ ಮುಂದಿನ ರಾಜಿಯೂ ಡಿಕ್ರಿಯಂತೆ ಎಂದು ಯಾರಾದರೂ ಹೇಳಿದರೆ, ಅದರ 27ನೇ ಕಲಂ ಜಾರಿಯಾದ ಅಧಿಸೂಚನೆ ತೋರಿಸಿ ಎನ್ನಿ. 2023ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದ ಕಲಂಗಳಲ್ಲಿ ಅದು ಇರಲಿಲ್ಲ.

ಇನ್ನೊಂದು, ದಾವೆ ಹಾಕಲು ಇರುವುದು ಮೂರು ವರ್ಷ. ತಪ್ಪಿದ ಮೊದಲ ಕಂತಿನ ದಿನದಿಂದಲೇ ಲೆಕ್ಕ ಇಟ್ಟುಕೊಳ್ಳಿ. ಲೋಕ್ ಅದಾಲತ್‌ಗೆ ಅರ್ಜಿ ಕೊಟ್ಟಿದ್ದೇವೆ, ಸಮಯ ನಿಂತಿದೆ ಎಂದು ನಂಬಿ ಕೂರಬೇಡಿ.