ತೊಡೆ ಮೂಳೆಯ ಕೆಳತುದಿಯಲ್ಲಿ ‘ಎರಡನೇ ಬಗೆ’ ಎಂದು ನಿಶ್ಚಿಂತರಾಗಬೇಡಿ

ಈ ಗುಂಪಿನಲ್ಲಿ ವೈದ್ಯರೊಬ್ಬರು ಹೀಗೆ ಕೇಳಿದ್ದಾರೆ: “11 ವರ್ಷದ ಹುಡುಗ, ಸೈಕಲ್‌ನಿಂದ ಬಿದ್ದು ತೊಡೆ ಮೂಳೆಯ ಕೆಳತುದಿಯಲ್ಲಿ ಸಾಲ್ಟರ್-ಹ್ಯಾರಿಸ್ ಎರಡನೇ ಬಗೆಯ ಮುರಿತ. ಅರಿವಳಿಕೆಯಲ್ಲಿ ಮೂಳೆಯನ್ನು ಸ್ಥಾನಕ್ಕೆ ಕೂರಿಸಿ ಪ್ಲಾಸ್ಟರ್ ಹಾಕಿದ್ದೆ, ಆರು ವಾರಕ್ಕೆ ಚೆನ್ನಾಗಿ ಕೂಡಿದೆ. ಇನ್ನು ಬರುವುದು ಬೇಡ ಎಂದು ಪೋಷಕರಿಗೆ ಹೇಳಬಹುದೇ?”

ದಯವಿಟ್ಟು ಹಾಗೆ ಹೇಳಬೇಡಿ. ಇದೇ ಮಾತನ್ನು ಇದೇ ವಯಸ್ಸಿನ ಹುಡುಗನ ತಾಯಿಗೆ ನಾನು ಹೇಳಿದ್ದೆ. ಹದಿನಾಲ್ಕು ತಿಂಗಳ ನಂತರ, ಪ್ಯಾಂಟಿನ ಒಂದು ಕಾಲು ನೆಲಕ್ಕೆ ತಾಗುತ್ತಿದೆ ಎಂದು ಆಕೆ ಮಗನನ್ನು ಮತ್ತೆ ಕರೆತಂದರು. ಕಾಲು ಸುಮಾರು ಒಂದು ಸೆಂಟಿಮೀಟರ್ ಗಿಡ್ಡವಾಗಿತ್ತು, ಮೊಣಕಾಲು ಒಳಕ್ಕೆ ವಾಲಿತ್ತು.

ಒಂದು ಮತ್ತು ಎರಡನೇ ಬಗೆಗೆ ಬೆಳವಣಿಗೆ ಕೆಡುವ ಅಪಾಯವಿಲ್ಲ, ಮೂರು ಮತ್ತು ನಾಲ್ಕಕ್ಕೆ ಮಾತ್ರ ಇದೆ ಎಂದು ಈ ಪ್ರಶ್ನೆಗೆ ಒಬ್ಬರು ಉತ್ತರ ಬರೆದಿದ್ದಾರೆ. ಮಣಿಕಟ್ಟಿನ ಮಟ್ಟಿಗೆ ಆ ಮಾತು ಬಹುಪಾಲು ಸರಿ. ಟೊರೊಂಟೊದ ಸಾಲ್ಟರ್ ಮತ್ತು ಹ್ಯಾರಿಸ್ 1963ರಲ್ಲಿ, ಮಕ್ಕಳ ಮೂಳೆ ಉದ್ದಕ್ಕೆ ಬೆಳೆಯುವ ಜಾಗವಾದ ಗ್ರೋತ್ ಪ್ಲೇಟಿನ ಮುರಿತಗಳನ್ನು ಬಗೆಗಳಾಗಿ ವಿಂಗಡಿಸಿದ್ದು ಮುರಿತದ ಗೆರೆ ಎಲ್ಲಿ ಹಾದುಹೋಗುತ್ತದೆ ಎಂಬುದರ ಮೇಲೆ. ಆ ಗೆರೆ ಯಾವ ಮೂಳೆಯದು ಎಂಬುದನ್ನು ಬಗೆಯ ಸಂಖ್ಯೆ ಹೇಳುವುದಿಲ್ಲ. ಮಣಿಕಟ್ಟಿನ ಗ್ರೋತ್ ಪ್ಲೇಟ್ ಹೆಚ್ಚು ಕಡಿಮೆ ಸಮತಟ್ಟಾಗಿರುವುದರಿಂದ ಸರಿದರೂ ಬೆಳೆಯುವ ಕಣಗಳ ಪದರ ಸಾಮಾನ್ಯವಾಗಿ ಉಳಿಯುತ್ತದೆ. ತೊಡೆ ಮೂಳೆಯ ಕೆಳತುದಿಯದು ಏರಿಳಿತದ್ದು. ಅಲ್ಲಿನ ದಿಬ್ಬಗಳು ಒಂದರೊಳಗೊಂದು ಕಚ್ಚಿಕೊಂಡಿರುವುದರಿಂದ, ಸರಿಯುವಾಗಲೂ ನಾವು ಕೂರಿಸುವಾಗಲೂ ಅವು ಬೆಳೆಯುವ ಪದರವನ್ನು ಉಜ್ಜಿಕೊಂಡು ಹೋಗುತ್ತವೆ. ಆ ಜಾಗದಲ್ಲಿ ಎರಡನೇ ಬಗೆಯ ಮುರಿತಗಳಲ್ಲೂ ಹೆಚ್ಚು ಕಡಿಮೆ ಅರ್ಧದಷ್ಟರಲ್ಲಿ ಬೆಳವಣಿಗೆಗೆ ಏನಾದರೊಂದು ಅಡ್ಡಿ ಕಾಣುತ್ತದೆ. ಹೆಚ್ಚು ಸರಿದಿದ್ದರೆ ಅಪಾಯವೂ ಹೆಚ್ಚು.  

ನನ್ನ ತಪ್ಪು ಎರಡು ಕಡೆ ಇತ್ತು. ಮೊದಲನೆಯದು, ಎಕ್ಸ್‌ರೇಯಲ್ಲಿ ಅಂದವಾಗಿ ಕಾಣಲಿ ಎಂದು ಮೂರು ಬಾರಿ ಕೂರಿಸಿದ್ದು. ಪೂರ್ಣ ಅರಿವಳಿಕೆಯಲ್ಲಿ, ಮೊದಲು ಚೆನ್ನಾಗಿ ಎಳೆದು ನಂತರ ನಿಧಾನವಾಗಿ ಒಮ್ಮೆ ಕೂರಿಸಬೇಕು. ಬಲಪ್ರಯೋಗದಿಂದ ಪದೇ ಪದೇ ಕೂರಿಸಿದರೆ ಪದರ ಇನ್ನಷ್ಟು ನಲುಗುತ್ತದೆ. ಹತ್ತು ದಿನ ದಾಟಿ ಬಂದ ಮಗುವಿಗಂತೂ ಬಲವಂತದ ಪ್ರಯತ್ನ ಬೇಡ. ಎರಡನೆಯದು, ಬರೀ ಪ್ಲಾಸ್ಟರನ್ನು ನಂಬಿದ್ದು. ಈಗ ನಾನು ತುಸು ಸರಿದಿದ್ದರೂ ಸ್ಥಿರಗೊಳಿಸುತ್ತೇನೆ. ಮೂಳೆಯ ತುಣುಕು ದೊಡ್ಡದಿದ್ದರೆ ಗ್ರೋತ್ ಪ್ಲೇಟ್‌ಗೆ ಸಮಾನಾಂತರವಾಗಿ, ಅದನ್ನು ದಾಟದಂತೆ ಸ್ಕ್ರೂ. ಚಿಕ್ಕದಿದ್ದರೆ ನುಣುಪಾದ ತೆಳು ಲೋಹದ ಕಡ್ಡಿ, ಅಂದರೆ ಕೆ-ವೈರ್. ಸ್ಕ್ರೂವಿನಂತೆ ಸುರುಳಿಯಿರುವ ಯಾವುದನ್ನೂ, ಮಾರಾಟದವರು ಎಷ್ಟೇ ಹೊಗಳಲಿ, ಪ್ಲೇಟಿನ ಮೂಲಕ ಹಾಯಿಸಬೇಡಿ. ಸರಿದ ಎಲ್ಲವನ್ನೂ ಸ್ಥಿರಗೊಳಿಸಬೇಕೇ ಎಂಬ ಬಗ್ಗೆ ನಮ್ಮ ಹಿರಿಯರೊಬ್ಬರಿಗೂ ನನಗೂ ಇಂದಿಗೂ ಒಮ್ಮತವಿಲ್ಲ.

ನಿಮ್ಮ ಹುಡುಗನಿಗೆ ಈಗ ಮಾಡಬಹುದಾದದ್ದು ಗಮನ ಇಡುವುದು. ಮೂರನೇ ಮತ್ತು ಆರನೇ ತಿಂಗಳಲ್ಲಿ ಎರಡೂ ಮೊಣಕಾಲುಗಳ ಎಕ್ಸ್‌ರೇ ತೆಗೆಸಿ, ಹ್ಯಾರಿಸ್ ಗೆರೆ, ಅಂದರೆ ಪೆಟ್ಟಿನಿಂದ ಬೆಳವಣಿಗೆ ತಡೆದಾಗ ಮೂಳೆಯಲ್ಲಿ ಮೂಡುವ ಬಿಳಿ ಗೆರೆ, ಹುಡುಕಿ. ಪ್ಲೇಟ್‌ಗೆ ಸಮಾನಾಂತರವಾಗಿ ದೂರ ಸರಿಯುತ್ತಿದ್ದರೆ ಬೆಳವಣಿಗೆ ನಡೆದಿದೆ. ಓರೆಯಾಗಿ ಒಂದು ಬದಿಗೆ ಸೇರಿಕೊಳ್ಳುತ್ತಿದ್ದರೆ ಆ ಬದಿಯಲ್ಲಿ ಪ್ಲೇಟಿಗೆ ಅಡ್ಡಲಾಗಿ ಮೂಳೆಯ ಸೇತುವೆ ಬೆಳೆದು ಅದನ್ನು ತಡೆದಿದೆ. ನಾನು ಚಿಕಿತ್ಸೆ ಕೊಟ್ಟ ಹುಡುಗನಲ್ಲಿ ಮುರಿತದ ತುಣುಕು ಒಳಬದಿಯಲ್ಲಿತ್ತು, ಸೇತುವೆ ಹೊರಬದಿಯಲ್ಲಿ ಬೆಳೆಯಿತು. ತುಣುಕಿಗೆ ಅಂಟಿಕೊಂಡ ಪ್ಲೇಟ್ ಉಳಿದು ಎದುರು ಬದಿಯದು ಕೆಡುವುದು ಇಲ್ಲಿ ಸಾಮಾನ್ಯ, ಆದ್ದರಿಂದ ಅವನ ಮೊಣಕಾಲು ಒಳಕ್ಕೆ ವಾಲಿತು. ಗೆರೆ ಓರೆಯಾಗಿ ಕಂಡೊಡನೆ ಎಂಆರ್‌ಐ ಮಾಡಿಸಿ.

ಲೆಕ್ಕ ಹೀಗಿದೆ. ಈ ಪ್ಲೇಟ್ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಬೆಳೆಯುತ್ತದೆ. ಹುಡುಗರಲ್ಲಿ ಸುಮಾರು 16, ಹುಡುಗಿಯರಲ್ಲಿ 14ರವರೆಗೆ. ನಿಮ್ಮ ಹುಡುಗನಿಗೆ ಇನ್ನೂ ಐದು ವರ್ಷ ಬಾಕಿಯಿರುವುದರಿಂದ, ಪೂರ್ತಿ ನಿಂತರೆ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಅಂತರ ಬರುತ್ತದೆ, ಅದು ಶೂ ಎತ್ತರಿಸಿ ಮರೆಮಾಚುವಂಥದ್ದಲ್ಲ. ಸೇತುವೆ ಪ್ಲೇಟಿನ ಅರ್ಧಕ್ಕಿಂತ ಕಡಿಮೆಯಿದ್ದು, ಎರಡು ವರ್ಷಕ್ಕಿಂತ ಹೆಚ್ಚು ಬೆಳವಣಿಗೆ ಉಳಿದಿದ್ದರೆ ಅದನ್ನು ಕೆತ್ತಿ ತೆಗೆದು ಕೊಬ್ಬು ತುಂಬುವ ದಾರಿಯಿದೆ. ನನ್ನ ಹುಡುಗನಲ್ಲಿ ಅದು ಮೂರನೇ ಒಂದು ಭಾಗವಿತ್ತು. ತೆಗೆಸಿದ ಮೇಲೆ ಬೆಳವಣಿಗೆ ಸ್ವಲ್ಪ ಮರಳಿತು, ಪೂರ್ತಿಯಲ್ಲ, ಓರೆಯನ್ನು ಮುಂದೆ ಬೇರೆಯಾಗಿ ಸರಿಪಡಿಸಬೇಕಾಯಿತು. ಆರನೇ ತಿಂಗಳಿನಲ್ಲೇ ಕಂಡಿದ್ದರೆ ಓರೆ ಅಷ್ಟು ಆಗುತ್ತಿರಲಿಲ್ಲ.

ಆರನೇ ತಿಂಗಳ ಬಳಿಕವೂ ನಿಮ್ಮ ಹುಡುಗನನ್ನು ಆರು ತಿಂಗಳಿಗೊಮ್ಮೆ ಕನಿಷ್ಠ ಎರಡು ವರ್ಷ ಕರೆಸಿಕೊಳ್ಳಿ, ಸಾಧ್ಯವಾದರೆ ಬೆಳವಣಿಗೆ ಮುಗಿಯುವವರೆಗೂ. ಮೂರನೇ ತಿಂಗಳ ಎಕ್ಸ್‌ರೇ ಬಂದಾಗ ಹೆಸರು, ನೋಂದಣಿ ಸಂಖ್ಯೆ ಮರೆಮಾಡಿ ಇಲ್ಲಿ ಹಾಕಿ. ಗೆರೆ ಕಾಣದಿದ್ದರೂ ಹಾಕಿ.