ಡಿನಾಮಿನೇಟರ್‌ನಲ್ಲಿ ಮೊದಲಿಗೆ ಇರುವುದು 5 ಅಲ್ಲ, s

ಪ್ರಶ್ನೆ: "ನೋಟ್ಸಿನ ಪುಟದ ಫೋಟೋ ಹಾಕಿದ್ದೇನೆ. ಬ್ಲಾಕ್ ಡಯಾಗ್ರಾಂ ನೋಡಿ ಪೋಲ್, ಸ್ಟೆಬಿಲಿಟಿ, ಸ್ಟೆಪ್ ರೆಸ್ಪಾನ್ಸ್ ಹೇಳಬೇಕು. ನನಗೆ ಎರಡೂ ಪೋಲ್ −3 ಬಂತು, ಓವರ್‌ಶೂಟ್ ಇಲ್ಲವೇ ಇಲ್ಲ. ಗೆಳೆಯನಿಗೆ 76% ಓವರ್‌ಶೂಟ್ ಬಂದಿದೆ. ಯಾರದ್ದು ಸರಿ?"

ನಿಮ್ಮ ಗೆಳೆಯನದ್ದು ಸರಿ. ಹಾಗಂತ ನಿಮ್ಮ ಲೆಕ್ಕದಲ್ಲಿ ಒಂದು ಹೆಜ್ಜೆಯೂ ತಪ್ಪಿಲ್ಲ. ತಪ್ಪಾಗಿರುವುದು ಲೆಕ್ಕಕ್ಕೂ ಮುಂಚೆ, ಫೋಟೋ ಓದುವಾಗ.

ಫೋಟೋ ದೊಡ್ಡದು ಮಾಡಿ ನೋಡಿದೆ. ಎಡಗಡೆ R, ಆಮೇಲೆ ಒಂದು ವೃತ್ತ, ಆಮೇಲೆ K ಅಂತ ಬರೆದ ಬಾಕ್ಸು, ಅದರ ಕೆಳಗೆ K = 20. ಮುಂದಿನ ಬಾಕ್ಸಿನಲ್ಲಿ ಮೇಲೆ 1, ಕೆಳಗೆ ಮೂರು ತುಂಡು. ಔಟ್‌ಪುಟ್ ಹತ್ತಿರ θ. ಅಲ್ಲಿಂದ ಒಂದು ಗೆರೆ ಸೀದಾ ವೃತ್ತಕ್ಕೆ ವಾಪಸ್ ಬರುತ್ತದೆ. ಆ ಮೂರು ತುಂಡಿನಲ್ಲಿ ಮೊದಲನೆಯದರ ಮೇಲೆ ಸರಿಯಾಗಿ ನಿಮ್ಮ ಫೋನಿನ ನೆರಳು ಬಿದ್ದಿದೆ. ನೀವು ಅದನ್ನು 5(s+1)(s+5) ಅಂತ ಓದಿದ್ದೀರಿ. ಗೆಳೆಯ s(s+1)(s+5) ಅಂತ ಓದಿದ್ದಾನೆ.

ಬರೆದವರ ಕೈಯನ್ನೇ ಸ್ವಲ್ಪ ಗಮನಿಸಿ. ಕೊನೆಯ ತುಂಡಿನಲ್ಲಿ s ಮತ್ತು 5 ಎರಡೂ ಅಕ್ಕಪಕ್ಕದಲ್ಲೇ ಇವೆ. ಅಲ್ಲಿ 5 ಬರೆಯುವಾಗ ಅವರು ಪೆನ್ನು ಎತ್ತಿ ಮೇಲಿನ ಅಡ್ಡಗೆರೆಯನ್ನು ಬೇರೆಯಾಗಿ ಎಳೆದಿದ್ದಾರೆ, ಅದು ಬಲಕ್ಕೆ ಚಾಚಿಕೊಂಡಿದೆ. s ಮಾತ್ರ ಒಂದೇ ಎಳೆತ. ನೆರಳಿನಲ್ಲಿರುವ ಅಕ್ಷರದಲ್ಲಿ ಆ ಚಾಚಿದ ಗೆರೆ ಇಲ್ಲ.

ಅಕ್ಷರ ಬಿಟ್ಟು ವಿಷಯ ನೋಡಿದರೂ ಅದೇ ಉತ್ತರ ಬರುತ್ತದೆ. ಔಟ್‌ಪುಟ್ θ, ಅಂದರೆ ಮೋಟಾರಿನ ಶಾಫ್ಟ್ ಎಷ್ಟು ತಿರುಗಿದೆ ಅನ್ನುವ ಕೋನ. ಮೋಟಾರಿಗೆ ವೋಲ್ಟೇಜ್ ಕೊಟ್ಟರೆ ಸಿಗುವುದು ವೇಗ, ವೇಗ ಕೂಡುತ್ತಾ ಹೋದರೆ ಕೋನ. ಆ ಕೂಡುವ ಕೆಲಸವೇ 1/s. ಕೋನ ಔಟ್‌ಪುಟ್ ಆಗಿರುವ ಮೋಟಾರಿನ ಟ್ರಾನ್ಸ್‌ಫರ್ ಫಂಕ್ಷನ್‌ನಲ್ಲಿ ಒಂಟಿ s ಇರಲೇಬೇಕು. ಇನ್ನೊಂದು ಸುಳಿವು ಪುಟದ ಕೆಳಗಡೆಯೇ ಇದೆ: "K ಎಷ್ಟರವರೆಗೆ ಸಿಸ್ಟಂ ಸ್ಟೇಬಲ್?" ನಿಮ್ಮ ಓದಿನಂತೆ ಇದು ಸೆಕೆಂಡ್ ಆರ್ಡರ್. ಆಗ K ಪಾಸಿಟಿವ್ ಇದ್ದರೆ ಸಾಕು, ಎಷ್ಟು ಜಾಸ್ತಿ ಮಾಡಿದರೂ ಅನ್‌ಸ್ಟೇಬಲ್ ಆಗುವುದಿಲ್ಲ. ಹಾಗಿದ್ದರೆ ಆ ಪ್ರಶ್ನೆಗೆ ಅರ್ಥವೇ ಇರುತ್ತಿರಲಿಲ್ಲ.

ನೀವು ಯಾಕೆ ಮೋಸ ಹೋದಿರಿ ಅಂತಲೂ ಗೊತ್ತಾಗುತ್ತದೆ. 20/5 ಅಂದರೆ 4. (s+1)(s+5) ಬಿಡಿಸಿ 4 ಕೂಡಿಸಿದರೆ s² + 6s + 9, ಅದು (s+3)². ಇಷ್ಟು ಚೆಂದವಾಗಿ ಉತ್ತರ ಬಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಒಂದು ಚೆಕ್ ಮಾಡಿದ್ದರೆ ಸಿಕ್ಕಿಬೀಳುತ್ತಿತ್ತು. ನಿಮ್ಮ ಟ್ರಾನ್ಸ್‌ಫರ್ ಫಂಕ್ಷನ್ 4/(s+3)². ಅದರಲ್ಲಿ s = 0 ಹಾಕಿ, 4/9 ಬರುತ್ತದೆ, ಅಂದರೆ 0.44. 1 ರೇಡಿಯನ್ ತಿರುಗು ಅಂತ ಹೇಳಿದರೆ ಶಾಫ್ಟ್ ಅರ್ಧ ದಾರಿಗೂ ಬರದೆ ನಿಂತುಬಿಡುತ್ತದೆ ಅಂತ ಅರ್ಥ. ಒಳಗೆ 1/s ಇರುವ ಲೂಪ್ ಹಾಗೆ ನಿಲ್ಲುವುದಿಲ್ಲ. ಸ್ವಲ್ಪ ಎರರ್ ಉಳಿದರೂ ಮೋಟಾರಿಗೆ ವೋಲ್ಟೇಜ್ ಹೋಗುತ್ತಲೇ ಇರುತ್ತದೆ, ಶಾಫ್ಟ್ ತಿರುಗುತ್ತಲೇ ಇರುತ್ತದೆ.

ಫೋಟೋದಲ್ಲಿ ನೋಡಬೇಕಾದ ಇನ್ನೊಂದು ಜಾಗ ಆ ವೃತ್ತ. ವಾಪಸ್ ಬರುವ ಗೆರೆಯ ಪಕ್ಕದಲ್ಲಿ ಮೈನಸ್ ಇದೆಯಾ ಅಂತ ನೋಡಿ. ನಿಮ್ಮ ಫೋಟೋದಲ್ಲಿ ತುಂಬಾ ಮಸುಕಾಗಿದ್ದರೂ ಕಾಣಿಸುತ್ತದೆ. ಈ ಚಿಕ್ಕ ಗೆರೆಯ ಬೆಲೆ ನನಗೆ ಗೊತ್ತಾಗಿದ್ದು ಕಾಲೇಜಿನ ಲ್ಯಾಬಿನಲ್ಲಿ. ಪೊಸಿಷನ್ ಕಂಟ್ರೋಲ್ ಕಿಟ್ಟಿನಲ್ಲಿ ಫೀಡ್‌ಬ್ಯಾಕ್ ಪಾಟ್‌ನ ಎರಡು ತುದಿಯ ವೈರುಗಳನ್ನು ಅದಲುಬದಲು ಸಿಕ್ಕಿಸಿದ್ದೆ. ಸ್ವಿಚ್ ಹಾಕಿದ ತಕ್ಷಣ ಮುಳ್ಳು ಒಂದು ಕಡೆಗೆ ಓಡಿ ತುದಿಗೆ ಬಡಿದು ಅಲ್ಲೇ ನಿಂತಿತು. ನಾಬ್ ಎಷ್ಟು ತಿರುಗಿಸಿದರೂ ವಾಪಸ್ ಬರಲಿಲ್ಲ. s ಇಟ್ಟು ಮಾಡುವ ಲೆಕ್ಕದಲ್ಲೂ ಮೈನಸ್ಸನ್ನು ಪ್ಲಸ್ ಅಂತ ಓದಿದರೆ ಡಿನಾಮಿನೇಟರ್‌ನ ಕೊನೆಯ +20 ಹೋಗಿ −20 ಆಗುತ್ತದೆ, ಒಂದು ಪೋಲ್ +1.345 ಹತ್ತಿರ ಹೋಗಿ ಕೂರುತ್ತದೆ. ಲ್ಯಾಬಿನಲ್ಲಿ ನಾನು ನೋಡಿದ್ದು ಅಂಥದ್ದೇ ಪೋಲನ್ನು.

ಈಗ ಸರಿಯಾದ ಲೆಕ್ಕ ಮಾಡೋಣ. ಫೀಡ್‌ಬ್ಯಾಕ್ ದಾರಿಯಲ್ಲಿ ಯಾವ ಬಾಕ್ಸೂ ಇಲ್ಲ, ಹಾಗಾಗಿ ಅದರ ಬೆಲೆ 1. ಆಗ ಕ್ಲೋಸ್ಡ್ ಲೂಪ್‌ನ ಡಿನಾಮಿನೇಟರ್ ಬರೆಯುವುದು ಸುಲಭ: ಓಪನ್ ಲೂಪ್‌ನ ಕೆಳಗಿನದಕ್ಕೆ ಮೇಲಿನದನ್ನು ಕೂಡಿಸಿದರೆ ಆಯಿತು.

```
T(s) = 20 / (s(s+1)(s+5) + 20)
     = 20 / (s³ + 6s² + 5s + 20)
```

ತುಂಬಾ ಜನ ಇಲ್ಲಿಗೆ ಬರದೆ, ಬಾಕ್ಸಿನಲ್ಲಿ ಕಾಣುವ 0, −1, −5 ಇವನ್ನೇ ಪೋಲ್ ಅಂತ ಬರೆದುಬಿಡುತ್ತಾರೆ. ಅವು ಲೂಪ್ ಕತ್ತರಿಸಿಟ್ಟಾಗಿನ ಪೋಲ್‌ಗಳು. ಸಿಸ್ಟಂ ನಿಜವಾಗಿ ಹೇಗೆ ಓಡುತ್ತದೆ ಅಂತ ಹೇಳುವುದು ಮೇಲಿನ ಕ್ಯೂಬಿಕ್‌ನ ಬೇರುಗಳು.

ಸ್ಟೆಬಿಲಿಟಿಗೆ ಬೇರು ಹುಡುಕುವ ಮೊದಲೇ ರೌತ್ ಟೇಬಲ್ ಹಾಕಿ. K ಅಂತಲೇ ಇಟ್ಟುಕೊಂಡರೆ ಕೆಳಗಿನ ಪ್ರಶ್ನೆಗೂ ಉತ್ತರ ಸಿಗುತ್ತದೆ. ಮೊದಲ ಕಾಲಂ 1, 6, (30 − K)/6, K. ಎಲ್ಲವೂ ಪಾಸಿಟಿವ್ ಇರಬೇಕು ಅಂದರೆ K ಸೊನ್ನೆಗಿಂತ ಜಾಸ್ತಿ, 30ಕ್ಕಿಂತ ಕಡಿಮೆ ಇರಬೇಕು. ನಿಮ್ಮದು 20, ಆದ್ದರಿಂದ ಸ್ಟೇಬಲ್. K ಸರಿಯಾಗಿ 30 ಆದರೆ ಕ್ಯೂಬಿಕ್ (s+6)(s²+5) ಅಂತ ಒಡೆಯುತ್ತದೆ, ಶಾಫ್ಟ್ ನಿಲ್ಲದೆ ತೂಗಾಡುತ್ತಲೇ ಇರುತ್ತದೆ. ಆ ಅಂಚಿಗೂ ನಿಮಗೂ ಇರುವ ಅಂತರ ಒಂದೂವರೆ ಪಟ್ಟು ಮಾತ್ರ.

ಬೇರು ಹುಡುಕಲು ಕ್ಯಾಲ್ಕುಲೇಟರ್ ಸಾಕು. s = −5 ಹಾಕಿದರೆ ಮೊದಲ ಭಾಗ ಸೊನ್ನೆಯಾಗಿ 20 ಉಳಿಯುತ್ತದೆ. s = −6 ಹಾಕಿದರೆ −10. ಗುರುತು ಬದಲಾಯಿತು ಅಂದರೆ ಒಂದು ಬೇರು ಈ ಎರಡರ ನಡುವೆ ಇದೆ. −5.7 ಹಾಕಿದರೆ 1.25, −5.74 ಹಾಕಿದರೆ −0.13. ಇನ್ನೊಂದು ಸಲ ಹೀಗೇ ಹತ್ತಿರ ಹೋದರೆ −5.736. ಉಳಿದ ಎರಡಕ್ಕೆ ಭಾಗಾಕಾರ ಬೇಡ. ಮೂರೂ ಬೇರುಗಳ ಮೊತ್ತ −6 ಆಗಬೇಕು. ಒಂದೇ ಬೇರು −5.736 ನುಂಗಿಬಿಟ್ಟಿತು, ಉಳಿದದ್ದು −0.264, ಇಬ್ಬರಿಗೆ ಹಂಚಿದರೆ ತಲಾ −0.132. ಅವೆರಡರ ಗುಣಲಬ್ಧ 20/5.736, ಅಂದರೆ 3.487. ಹಾಗಾಗಿ ಉಳಿದ ಪೋಲ್‌ಗಳು −0.132 ± j1.863.

ಈ 0.132 ಅನ್ನುವ ಅಂಕಿಯ ಹತ್ತಿರ ಸ್ವಲ್ಪ ನಿಲ್ಲಿ. ಪೋಲ್‌ಗಳು ಎಡಗಡೆ ಇವೆ, ನಿಜ. ಆದರೆ j ಗೆರೆಗೆ ಅಂಟಿಕೊಂಡಂತೆ ಕೂತಿವೆ. ಡ್ಯಾಂಪಿಂಗ್ ರೇಶಿಯೋ 0.07 ಮಾತ್ರ. "ಸ್ಟೇಬಲ್" ಅಂತ ಒಂದೇ ಪದ ಬರೆದು ಮುಂದೆ ಹೋದರೆ, ಈ ಮೋಟಾರ್ ಕೆಲಸಕ್ಕೆ ಬಾರದ ಹಾಗೆ ತೂಗಾಡುತ್ತದೆ ಅನ್ನುವುದು ಉತ್ತರದಲ್ಲಿ ಕಾಣಿಸುವುದೇ ಇಲ್ಲ.

ಸ್ಟೆಪ್ ರೆಸ್ಪಾನ್ಸಿಗೆ ಹೆಚ್ಚಿನವರು −5.736 ಅನ್ನು ಬಿಟ್ಟು ಉಳಿದ ಎರಡರಿಂದಲೇ ಫಾರ್ಮುಲಾ ಹಾಕುತ್ತಾರೆ. ಅದು 43 ಪಟ್ಟು ದೂರ ಇದೆ, ಬಿಡಬಹುದು. ಹಾಗೆ ಮಾಡಿದರೆ ಪೀಕ್ ಟೈಮ್ π/1.863 = 1.69 ಸೆಕೆಂಡ್, ಓವರ್‌ಶೂಟ್ ಸುಮಾರು 80%. ಪರೀಕ್ಷೆಯಲ್ಲಿ ಇಷ್ಟು ಸಾಕು. ಆದರೆ ನಿಮ್ಮ ಗೆಳೆಯನಿಗೆ 76 ಬಂದಿದೆ, ಅದು ಎಲ್ಲಿಂದ ಬಂತು ಅಂತ ನೋಡಬೇಕಲ್ವಾ? ಅವನು ಮೂರನ್ನೂ ಇಟ್ಟುಕೊಂಡು ಪಾರ್ಷಿಯಲ್ ಫ್ರಾಕ್ಷನ್ ಮಾಡಿದ್ದಾನೆ:

```
y(t) = 1 − 0.1 e^(−5.736t)
         − e^(−0.132t) (0.900 cos 1.863t + 0.372 sin 1.863t)
```

ಇದನ್ನು ನಂಬುವ ಮೊದಲು t = 0 ಹಾಕಿ: 1 − 0.1 − 0.9 = 0. ಶಾಫ್ಟ್ ಸೊನ್ನೆಯಿಂದಲೇ ಹೊರಡುತ್ತದೆ, ಸರಿ ಇದೆ. ಇದರ ಮೊದಲ ಪೀಕ್ 1.86 ಸೆಕೆಂಡಿಗೆ, ಎತ್ತರ 1.76. ದೂರದ ಪೋಲ್ ಮಾಡಿದ ಕೆಲಸ ಇಷ್ಟೇ: ಹೊರಡುವುದನ್ನು 1/5.736, ಅಂದರೆ 0.17 ಸೆಕೆಂಡಿನಷ್ಟು ತಡ ಮಾಡಿತು, ಪೀಕನ್ನು ಸ್ವಲ್ಪ ತಗ್ಗಿಸಿತು. ಆಮೇಲೆ ಅದರ ಸುಳಿವೇ ಇಲ್ಲ. ಉಳಿದ ತೂಗಾಟ 3.4 ಸೆಕೆಂಡಿಗೆ ಒಂದು ಸುತ್ತಿನಂತೆ ನಡೆಯುತ್ತದೆ. 1ರ ಆಚೀಚೆ 2% ಒಳಗೆ ಬಂದು ನಿಲ್ಲಲು ಸುಮಾರು 30 ಸೆಕೆಂಡ್ ಬೇಕು. ಗ್ರಾಫ್ ಬಿಡಿಸುವಾಗ ಒಂಬತ್ತು ಅಲೆ ಹತ್ತಿರ ಬರಬೇಕು. ಒಂದೆರಡು ಅಲೆ ಬರೆದು ಸಪಾಟು ಮಾಡಿಬಿಟ್ಟರೆ ಅದು ಈ ಸಿಸ್ಟಂನ ಚಿತ್ರ ಅಲ್ಲ.

ಕಂಪ್ಯೂಟರ್ ಹತ್ತಿರ ಇದ್ದರೆ ಹೀಗೆ ತಾಳೆ ನೋಡಿ:

```python
import numpy as np
from scipy import signal
K = 20
den = [1, 6, 5, K]
print(np.roots(den))
t = np.linspace(0, 40, 4000)
t, y = signal.step(([K], den), T=t)
print(y.max(), t[y.argmax()])
```

ಆದರೆ ಇದಕ್ಕೆ ನಿಮ್ಮ ಫೋಟೋ ಕಾಣುವುದಿಲ್ಲ. s ಬದಲು 5 ಅಂತ ಓದಿ `den` ಜಾಗದಲ್ಲಿ `[5, 30, 45]` ಕೊಟ್ಟರೆ, −3, −3 ಅಂತಲೇ ಹೇಳುತ್ತದೆ.

ಅದೇ ಕೋಡ್‌ನಲ್ಲಿ K = 2 ಮಾಡಿ ಇನ್ನೊಂದು ಸಲ ಓಡಿಸಿ. ದೂರದ ಪೋಲ್ −5.1 ಹತ್ತಿರ ಬರುತ್ತದೆ. ಉಳಿದೆರಡು −0.45 ± j0.43 ಹತ್ತಿರ ಬರುತ್ತವೆ, ಅಂದರೆ j ಗೆರೆಯಿಂದ ಚೆನ್ನಾಗಿ ದೂರ. ಓವರ್‌ಶೂಟ್ 76ರಿಂದ ಸುಮಾರು 4%ಗೆ ಇಳಿಯುತ್ತದೆ. ಪೀಕ್ ಬರುವುದು ಮಾತ್ರ ನಿಧಾನ, 7 ಸೆಕೆಂಡ್ ದಾಟುತ್ತದೆ. ಆದರೂ 10 ಸೆಕೆಂಡಿನ ಒಳಗೆ ಶಾಫ್ಟ್ ತನ್ನ ಜಾಗದಲ್ಲಿ ನಿಂತಿರುತ್ತದೆ. K = 20ರಲ್ಲಿ ಅದೇ ಹೊತ್ತಿಗೆ ಅದು ಇನ್ನೂ ಮೂರನೇ ಅಲೆಯಲ್ಲಿ ತೂಗಾಡುತ್ತಿರುತ್ತದೆ.