ವೇನ್ ಓಡತೊಡಗಿದರೆ ನೀರಿನ ಜೆಟ್‌ನ ಬಲ ಎಷ್ಟಾಗುತ್ತದೆ?

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ನಿಂತಿರುವ ಬಾಗಿದ ವೇನ್‌ಗೆ ಸೂತ್ರದಲ್ಲಿ V² ಬರುತ್ತದೆ. ಓಡುವ ವೇನ್‌ಗೆ ಒಂದು ಪುಸ್ತಕದಲ್ಲಿ (V−u)² ಇದೆ, ಇನ್ನೊಂದರಲ್ಲಿ V(V−u) ಇದೆ. ಯಾವುದು ಸರಿ? ನಿಂತಾಗಲೇ ಬಲ ಜಾಸ್ತಿ ಅಂದಮೇಲೆ ವೇನ್ ಓಡಿಸೋದು ಯಾಕೆ?

ಉತ್ತರ: ಎರಡೂ ಸರಿ. ಮೊದಲನೆಯದು ಒಂಟಿ ವೇನ್‌ಗೆ, ಎರಡನೆಯದು ಸುತ್ತಲೂ ವೇನ್‌ಗಳಿರುವ ಚಕ್ರಕ್ಕೆ. ಪುಸ್ತಕಗಳು ಇದನ್ನು ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗುತ್ತವೆ, ಗೊಂದಲ ಶುರುವಾಗುವುದೇ ಅಲ್ಲಿ.

ಬಲ ಎಂದರೆ ಎರಡು ಸಂಗತಿಗಳ ಗುಣಾಕಾರ. ಸೆಕೆಂಡಿಗೆ ಎಷ್ಟು ಕೆಜಿ ನೀರು ವೇನ್‌ಗೆ ಬಂದು ಬೀಳುತ್ತದೆ ಎನ್ನುವುದು ಒಂದು. ಆ ನೀರಿನ ವೇಗ, ಜೆಟ್‌ನ ದಿಕ್ಕಿನಲ್ಲಿ, ಎಷ್ಟು ಬದಲಾಗುತ್ತದೆ ಎನ್ನುವುದು ಇನ್ನೊಂದು. ವೇನ್ ನಿಂತಿದ್ದರೆ ಎರಡರಲ್ಲೂ ಜೆಟ್‌ನ ವೇಗ V ಇದೆ, ಅದಕ್ಕೇ V². ವೇನ್ u ವೇಗದಲ್ಲಿ ಮುಂದೆ ಓಡಿದರೆ, ಅದರ ಮೇಲೆ ಕೂತು ನೋಡುವವನಿಗೆ ನೀರು ಬರುವುದು V−u ವೇಗದಲ್ಲಿ ಮಾತ್ರ. ತಿರುಗಿ ಹೊರಗೆ ಹೋಗುವುದೂ ಅಷ್ಟೇ ವೇಗದಲ್ಲಿ, ಘರ್ಷಣೆ ಬಿಟ್ಟರೆ. ಹಾಗಾಗಿ ವೇಗದ ಬದಲಾವಣೆಯಲ್ಲಿ V ಇದ್ದ ಜಾಗಕ್ಕೆ V−u ಬರುತ್ತದೆ. ಇಲ್ಲಿಯವರೆಗೆ ಒಂಟಿ ವೇನ್‌ಗೂ ಚಕ್ರಕ್ಕೂ ವ್ಯತ್ಯಾಸವೇ ಇಲ್ಲ.

ವ್ಯತ್ಯಾಸ ಇರುವುದು ನೀರಿನ ಲೆಕ್ಕದಲ್ಲಿ. ಒಂದು ಉದಾಹರಣೆ ತೆಗೆದುಕೊಳ್ಳಿ. ಜೆಟ್‌ನ ವ್ಯಾಸ 50 ಮಿಮೀ, ವೇಗ ಸೆಕೆಂಡಿಗೆ 40 ಮೀಟರ್. ನಾಝಲ್‌ನಿಂದ ಸೆಕೆಂಡಿಗೆ ಸುಮಾರು 78.5 ಕೆಜಿ ನೀರು ಹೊರಡುತ್ತದೆ. ವೇನ್ ಈ ನೀರನ್ನು 165 ಡಿಗ್ರಿ ತಿರುಗಿಸುತ್ತದೆ ಎನ್ನೋಣ. ಅಂದರೆ ನೀರು ಬಂದ ದಾರಿಗೆ ಹಿಂದಿರುಗುವಾಗ 15 ಡಿಗ್ರಿ ಓರೆಯಾಗಿರುತ್ತದೆ, ಸೂತ್ರದ θ ಇದೇ, (1 + cos 15°) = 1.966.

```
ನಿಂತ ವೇನ್:        F = ρaV²(1 + cos θ)       = 6176 N
ಓಡುವ ಒಂಟಿ ವೇನ್:   F = ρa(V−u)²(1 + cos θ)   = 1544 N
ಓಡುವ ಚಕ್ರ:        F = ρaV(V−u)(1 + cos θ)   = 3088 N
(u = 20 m/s)
```

ಒಂಟಿ ವೇನ್ ಸೆಕೆಂಡಿಗೆ 20 ಮೀಟರ್ ದೂರ ಓಡುತ್ತಿದೆ. ನಾಝಲ್ ಇದ್ದಲ್ಲೇ ಇದೆ. ಹಾಗಾದರೆ ಇವೆರಡರ ನಡುವೆ ಗಾಳಿಯಲ್ಲಿರುವ ನೀರಿನ ಉದ್ದ ಪ್ರತಿ ಸೆಕೆಂಡಿಗೆ 20 ಮೀಟರ್ ಹೆಚ್ಚುತ್ತಾ ಹೋಗುತ್ತದೆ ಅಲ್ವಾ? ಹೊರಟ ನೀರಿನ ಅರ್ಧ, ಅಂದರೆ 39 ಕೆಜಿಯಷ್ಟು, ಈ ಉದ್ದ ತುಂಬಿಸುವುದಕ್ಕೇ ಹೋಗುತ್ತದೆ. ವೇನ್‌ಗೆ ಸಿಗುವುದು ಉಳಿದ ಅರ್ಧ. ನೀರೂ ಅರ್ಧ, ವೇಗದ ಬದಲಾವಣೆಯೂ ಅರ್ಧ. ಬಲ ಕಾಲು ಭಾಗಕ್ಕೆ ಇಳಿಯುವುದು ಇದಕ್ಕೆ.

ಚಕ್ರದಲ್ಲಿ ಹಾಗಲ್ಲ. ಅಲ್ಲಿನ ವೇನ್‌ಗೆ ಬಕೆಟ್ ಎನ್ನುತ್ತಾರೆ. ಒಂದು ಬಕೆಟ್ ಓಡಿ ಮುಂದೆ ಹೋಗುವಷ್ಟರಲ್ಲಿ ಹಿಂದಿನ ಬಕೆಟ್ ಬಂದು ಜೆಟ್ ಅನ್ನು ಅಡ್ಡ ಕತ್ತರಿಸುತ್ತದೆ. ಕತ್ತರಿಸಿ ಮುಂದೆ ಉಳಿದ ನೀರಿನ ತುಂಡು ಕಳೆದುಹೋಗುವುದಿಲ್ಲ. ಅದು ಮೊದಲ ಬಕೆಟ್‌ಗಿಂತ ವೇಗವಾಗಿದೆ, ಬೆನ್ನಟ್ಟಿ ಹೋಗಿ ಅದನ್ನೇ ಸೇರುತ್ತದೆ. ಆ ಹೊತ್ತಿಗೆ ಎರಡನೇ ಬಕೆಟ್‌ಗೂ ನೀರು ಬೀಳುತ್ತಿರುತ್ತದೆ. ಅಂದರೆ ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಬಕೆಟ್ ಕೆಲಸದಲ್ಲಿರುತ್ತವೆ. ಸರಾಸರಿ ಎಷ್ಟು? V/(V−u). ನಮ್ಮ ಲೆಕ್ಕದಲ್ಲಿ 40/20, ಎರಡು. ಒಂದೊಂದರ ಮೇಲೂ 1544 ನ್ಯೂಟನ್, ಒಟ್ಟು 3088. ಎರಡು ಪುಸ್ತಕಗಳ ಜಗಳ ಇಲ್ಲೇ ತೀರಿತು: (V−u)² ಒಂದು ಬಕೆಟ್‌ನ ಪಾಲು, V(V−u) ಎಲ್ಲ ಬಕೆಟ್‌ಗಳ ಒಟ್ಟು. ಬಕೆಟ್‌ಗಳು ತೀರಾ ದೂರ ದೂರ ಇದ್ದರೆ ಮಾತ್ರ ಒಂದಿಷ್ಟು ನೀರು ಯಾರಿಗೂ ತಾಗದೆ ನುಸುಳಿ ಹೋಗುತ್ತದೆ, ಆಗ ಈ ಸೂತ್ರ ನಿಲ್ಲುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ನಿಂತ ವೇನ್‌ನ 6176 ನ್ಯೂಟನ್ ದೊಡ್ಡ ಬಲ ನಿಜ, ಆದರೆ ಅದು ಮಾಡುವ ಕೆಲಸ ಸೊನ್ನೆ. ವೇನ್ ಅಲುಗಲೇ ಇಲ್ಲವಲ್ಲ. ನೀರು ಬಂದ ವೇಗದಲ್ಲೇ ಹಿಂದಕ್ಕೆ ಚಿಮ್ಮಿ ತನ್ನ ಶಕ್ತಿಯನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. ನಮಗೆ ಬೇಕಾದ್ದು ಬಲ ಮತ್ತು u ಗುಣಿಸಿದಾಗ ಬರುವ ಪವರ್. ಚಕ್ರದಲ್ಲಿ 3088 × 20, ಅಂದರೆ 61.8 ಕಿಲೋವ್ಯಾಟ್. ಜೆಟ್‌ನಲ್ಲಿ ಇದ್ದದ್ದೇ 62.8 ಕಿಲೋವ್ಯಾಟ್. ಉಳಿದ ಒಂದು ಕಿಲೋವ್ಯಾಟ್ ಎಲ್ಲಿ ಹೋಯಿತು ಎಂದು ನೀವೇ ನೋಡಬಹುದು. ಬಕೆಟ್ ಬಿಡುವಾಗ ನೀರು ಬಕೆಟ್‌ಗೆ ಹೋಲಿಸಿದರೆ 20 ಮೀಟರ್ ವೇಗದಲ್ಲಿ ಹಿಂದಕ್ಕೆ ಹೋಗುತ್ತಿದೆ, ಬಕೆಟ್ ತಾನೇ 20 ಮೀಟರ್ ವೇಗದಲ್ಲಿ ಮುಂದೆ ಹೋಗುತ್ತಿದೆ. ನೆಲದ ಮೇಲೆ ನಿಂತವರಿಗೆ ಆ ನೀರು ಹೆಚ್ಚುಕಡಿಮೆ ನಿಂತಂತೆ, ಪಕ್ಕಕ್ಕೆ ಸುಮಾರು 5 ಮೀಟರ್ ವೇಗದಲ್ಲಿ ಬೀಳುತ್ತದೆ. ಆ 5 ಮೀಟರ್ ವೇಗದ ಶಕ್ತಿ ಲೆಕ್ಕ ಹಾಕಿ, ಸರಿಯಾಗಿ 1 ಕಿಲೋವ್ಯಾಟ್ ಚಿಲ್ಲರೆ ಬರುತ್ತದೆ. ಉತ್ತರ ಸರಿಯಿದೆಯೋ ಇಲ್ಲವೋ ನೋಡಿಕೊಳ್ಳಲು ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಹುಡುಗರು ಹೆಚ್ಚಾಗಿ ಎಡವುವುದೂ ಇದೇ ಜಾಗದಲ್ಲಿ. 15 ಡಿಗ್ರಿ ಕೋನ ಬಕೆಟ್‌ಗೆ ಹೋಲಿಸಿದ ವೇಗದ್ದು, ನೆಲಕ್ಕೆ ಹೋಲಿಸಿದ ವೇಗದ್ದಲ್ಲ. ಔಟ್‌ಲೆಟ್ ತ್ರಿಕೋನದಲ್ಲಿ ಮೊದಲು 20 ಮೀಟರ್ ಅನ್ನು 15 ಡಿಗ್ರಿಯಲ್ಲಿ ಎಳೆಯಬೇಕು, ಆಮೇಲೆ u ಸೇರಿಸಬೇಕು. ಸುಮ್ನೆ V ಗೇ ಆ ಕೋನ ಹಾಕಿದರೆ ಜೆಟ್‌ನಲ್ಲಿರುವುದಕ್ಕಿಂತ ಜಾಸ್ತಿ ಪವರ್ ಚಕ್ರದಿಂದ ಬಂದುಬಿಡುತ್ತದೆ.

ಚಕ್ರದ ಪವರ್ ಗರಿಷ್ಠವಾಗುವುದು u = V/2 ಆದಾಗ. ಒಂಟಿ ವೇನ್‌ಗೆ ಅದು V/3, ಆಗಲೂ ಜೆಟ್‌ನ ಶಕ್ತಿಯಲ್ಲಿ 58 ಶೇಕಡಾ ಮಾತ್ರ ಸಿಗುತ್ತದೆ. ನಿಜವಾದ ಪೆಲ್ಟನ್ ಚಕ್ರದಲ್ಲಿ ಘರ್ಷಣೆ, ಗಾಳಿಯ ತಡೆ ಎಲ್ಲ ಸೇರಿ u ಅನ್ನು V ಯ 0.45ರಿಂದ 0.47ರಷ್ಟು ಇಡುತ್ತಾರೆ. ಪೂರ್ತಿ 180 ಡಿಗ್ರಿ ತಿರುಗಿಸದೆ 165ಕ್ಕೆ ನಿಲ್ಲಿಸುವುದಕ್ಕೂ ಕಾರಣವಿದೆ: ಪೂರ್ತಿ ತಿರುಗಿದ ನೀರು ಹಿಂದಿನಿಂದ ಬರುತ್ತಿರುವ ಬಕೆಟ್‌ನ ಬೆನ್ನಿಗೆ ಬಡಿಯುತ್ತದೆ.

ನಿಂತ ವೇನ್‌ನ ಸೂತ್ರ ಕೆಲಸಕ್ಕೆ ಬಾರದ್ದು ಅಂದುಕೊಳ್ಳಬೇಡಿ. ಚಕ್ರ ಶುರುವಾಗುವ ಕ್ಷಣದಲ್ಲಿ u ಸೊನ್ನೆ, ಆಗ ಬಕೆಟ್‌ನ ಬುಡ ತಡೆಯಬೇಕಾದ್ದು ಆ 6176 ನ್ಯೂಟನ್ನೇ, ಓಡುವಾಗ ಒಂದು ಬಕೆಟ್‌ಗೆ ಬೀಳುವ 1544ರ ನಾಲ್ಕರಷ್ಟು. ಇನ್ನೊಂದು ತುದಿಯಲ್ಲಿ ಲೋಡ್ ಥಟ್ಟನೆ ಹೋದರೆ ಚಕ್ರ ವೇಗ ಹೆಚ್ಚಿಸಿಕೊಳ್ಳುತ್ತಾ u ವನ್ನು V ಯ ಹತ್ತಿರಕ್ಕೆ ಒಯ್ಯುತ್ತದೆ. ಜೆಟ್ ಬಕೆಟ್ ಅನ್ನು ಹಿಡಿಯಲಾಗದ ಸ್ಥಿತಿ ಬಂದಾಗ ಬಲ ಸೊನ್ನೆಯಾಗುತ್ತದೆ, ಆದರೆ ಅಷ್ಟರಲ್ಲಿ ವೇಗ ಮಾಮೂಲಿಯ ಎರಡರಷ್ಟರ ಹತ್ತಿರ ಹೋಗಿರುತ್ತದೆ. ಶರಾವತಿ ವಿದ್ಯುದಾಗಾರದ ಪೆಲ್ಟನ್ ಘಟಕಗಳು 103.5 ಮೆಗಾವ್ಯಾಟ್‌ನವು, ಹೆಡ್ 400 ಮೀಟರಿಗೂ ಮೇಲೆ. ಅಲ್ಲಿ ಜೆಟ್‌ನ ವೇಗ ಸೆಕೆಂಡಿಗೆ 85 ಮೀಟರ್ ದಾಟುತ್ತದೆ. ಅಂಥ ಚಕ್ರವನ್ನು ಎರಡರಷ್ಟು ವೇಗಕ್ಕೆ ಬಿಡುವಂತಿಲ್ಲ. ನಾಝಲ್‌ನ ಸೂಜಿಯನ್ನು ಒಮ್ಮೆಲೇ ಮುಚ್ಚುವಂತೆಯೂ ಇಲ್ಲ, ಪೆನ್‌ಸ್ಟಾಕ್ ಕೊಳವೆಯಲ್ಲಿ ನೀರಿನ ಒತ್ತಡ ಏರಿ ಕೊಳವೆಯೇ ಸೀಳಬಹುದು. ಅದಕ್ಕೆ ಪೆಲ್ಟನ್ ಯಂತ್ರಗಳಲ್ಲಿ ಜೆಟ್‌ಗೆ ಅಡ್ಡ ಬರುವ ಡಿಫ್ಲೆಕ್ಟರ್ ಇಡುತ್ತಾರೆ. ಅದು ಮೊದಲು ನೀರನ್ನು ಚಕ್ರದಿಂದ ಪಕ್ಕಕ್ಕೆ ತಿರುಗಿಸುತ್ತದೆ, ಸೂಜಿ ಆಮೇಲೆ ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ.